ಹತ್ತನೇ ಕಾಫಿ ಪುಕ್ಕಟೆ: ಲಾಭವೋ ನಷ್ಟವೋ ಎಂದು ತಿಳಿಯುವ ಬಗೆ

ಒಂಬತ್ತು ಕಾಫಿ ಕುಡಿದವರಿಗೆ ಹತ್ತನೆಯದು ಪುಕ್ಕಟೆ. ಇಂಥ ಕಾರ್ಡು ಮಾಡಿಸುವ ಕೆಫೆಯವರು ಸಾಮಾನ್ಯವಾಗಿ ಹೀಗೆ ಲೆಕ್ಕ ಹಾಕುತ್ತಾರೆ: ಒಂದು ಕಾಫಿಗೆ ಬೀಳುವ ಖರ್ಚು ಹದಿನೈದು-ಹದಿನಾರು ರೂಪಾಯಿ, ಹತ್ತಕ್ಕೊಂದು ಕೊಟ್ಟರೆ ಹೋಗುವುದು ಅಷ್ಟೇ, ಗಿರಾಕಿ ಉಳಿದರೆ ಅದು ಗಿಟ್ಟಿತು. ಈ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ಆ ಹತ್ತನೇ ಕಾಫಿಯನ್ನು ಗಿರಾಕಿ ಹೇಗೂ ದುಡ್ಡು ಕೊಟ್ಟೇ ಕುಡಿಯುವವನಾಗಿದ್ದರೆ, ಅಂಗಡಿಗೆ ತಪ್ಪಿದ್ದು ಹದಿನಾರು ರೂಪಾಯಿಯಲ್ಲ, ಅದರ ಪೂರ್ತಿ ಬೆಲೆ.

ಶಿರಸಿ ಪೇಟೆಯ ಒಂದು ಕೆಫೆಯನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ಫಿಲ್ಟರ್ ಕಾಫಿಗೆ 40 ರೂಪಾಯಿ. ಒಂದು ಕಪ್ಪಿಗೆ ಪುಡಿ 10 ಗ್ರಾಂ, ಕಿಲೋಗೆ 700 ರೂಪಾಯಿಯಂತೆ 7 ರೂಪಾಯಿ. ಹಾಲು 5, ಸಕ್ಕರೆ ಮತ್ತು ಗ್ಯಾಸು ಸೇರಿ 2, ಕಾಗದದ ಕಪ್ಪು 2. ಒಟ್ಟು 16. ಬಾಡಿಗೆ, ಸಂಬಳ, ಕರೆಂಟಿನ ಬಿಲ್ಲು ಇಲ್ಲಿ ಬರುವುದಿಲ್ಲ, ಏಕೆಂದರೆ ಒಂದು ಕಪ್ಪು ಹೆಚ್ಚು ಹೋದರೂ ಕಡಿಮೆ ಹೋದರೂ ಅವು ಬದಲಾಗುವುದಿಲ್ಲ. ಅಂದರೆ ಪ್ರತಿ ಕಪ್ಪಿನಿಂದ ಗಲ್ಲಾಕ್ಕೆ ಉಳಿಯುವುದು 24 ರೂಪಾಯಿ. ಈ ಅಂಕಿಗಳನ್ನು ನೆನಪಿನಿಂದ ಬರೆಯಬಾರದು. ಒಂದು ವಾರ ಬೆಳಿಗ್ಗೆ ಪುಡಿ ಡಬ್ಬ ತೂಗಿ, ರಾತ್ರಿ ಮತ್ತೆ ತೂಗಿ, ಖಾಲಿಯಾದ ಪುಡಿಯನ್ನು ಮಾರಿದ ಕಪ್ಪುಗಳಿಂದ ಭಾಗಿಸಬೇಕು. 10 ಗ್ರಾಂ ಅಂದುಕೊಂಡಲ್ಲಿ 13 ಬರುವುದು ಮಾಮೂಲು. ಸಂಜೆ ಉಳಿದು ಚೆಲ್ಲಿದ ಡಿಕಾಕ್ಷನ್ನೂ ಅದರೊಳಗೇ ಇರುತ್ತದೆ.

ಈಗ ತಿಂಗಳಿಗೆ ಹತ್ತು ಕಾಫಿ ಕುಡಿಯುವ ಒಬ್ಬ ಕಾಯಂ ಗಿರಾಕಿಯನ್ನು ನೋಡಿ. ಕಾರ್ಡಿಲ್ಲದಾಗ ಅವರಿಂದ ಉಳಿಯುವುದು 240 ರೂಪಾಯಿ. ಕಾರ್ಡು ಕೊಟ್ಟ ಮೇಲೂ ಅವರು ಹತ್ತೇ ಕುಡಿದರೆ, ಒಂಬತ್ತಕ್ಕೆ 360 ರೂಪಾಯಿ ಬರುತ್ತದೆ, ಹತ್ತು ಕಪ್ಪಿನ ಖರ್ಚು 160 ಹೋಗುತ್ತದೆ, ಉಳಿಯುವುದು 200. ನಲವತ್ತು ರೂಪಾಯಿ ಹೋಯಿತು. ಅದನ್ನು ತುಂಬಿಸಲು ಅವರು ಎಷ್ಟು ಕುಡಿಯಬೇಕು? ಕಾರ್ಡಿದ್ದಾಗ ಸರಾಸರಿ ಒಂದು ಕಪ್ಪಿಗೆ ಬರುವುದು 36 ರೂಪಾಯಿ, ಉಳಿಯುವುದು 20. ಮತ್ತೆ 240 ಆಗಬೇಕಾದರೆ ಹನ್ನೆರಡು ಕಪ್ಪು ಬೇಕು. ಹತ್ತರಿಂದ ಹನ್ನೆರಡು, ಅಂದರೆ ಶೇಕಡಾ 20 ಹೆಚ್ಚು. ಇದು ಲಾಭಕ್ಕಲ್ಲ, ಮೊದಲಿದ್ದಲ್ಲಿಗೆ ಮರಳುವುದಕ್ಕೆ ಮಾತ್ರ.

ಯಾವ ರಿಯಾಯಿತಿಗಾದರೂ ಇದೇ ಲೆಕ್ಕ ನಡೆಯುತ್ತದೆ. ಬೆಲೆಯಲ್ಲಿ ಶೇಕಡಾ ಎಷ್ಟು ಉಳಿಯುತ್ತದೆ ಎಂಬುದರಿಂದ ಶೇಕಡಾ ಎಷ್ಟು ಬಿಡುತ್ತೀರಿ ಎಂಬುದನ್ನು ಕಳೆಯಿರಿ. ಬಿಟ್ಟದ್ದನ್ನು ಆ ಉಳಿಕೆಯಿಂದ ಭಾಗಿಸಿ. ಬಂದದ್ದೇ ಹೆಚ್ಚಾಗಬೇಕಾದ ಮಾರಾಟ. ನಮ್ಮ ಕಾಫಿಯಲ್ಲಿ ಉಳಿಯುವುದು 60, ಬಿಡುವುದು 10. ಹತ್ತನ್ನು ಐವತ್ತರಿಂದ ಭಾಗಿಸಿದರೆ 0.2, ಅಂದರೆ ಶೇಕಡಾ 20. ಅದೇ 10ರ ರಿಯಾಯಿತಿಯನ್ನು ಬೇಕರಿಯಿಂದ 35 ರೂಪಾಯಿಗೆ ತಂದು 50ಕ್ಕೆ ಮಾರುವ ಕೇಕಿನ ತುಂಡಿಗೆ ಹಾಕಿ ನೋಡಿ. ಉಳಿಯುವುದು 30, ಬಿಡುವುದು 10, ಹತ್ತನ್ನು ಇಪ್ಪತ್ತರಿಂದ ಭಾಗಿಸಿದರೆ 0.5, ಅಂದರೆ ಶೇಕಡಾ 50. ಕೇಕಿನ ಮಾರಾಟ ಒಂದೂವರೆ ಪಟ್ಟಾದರೆ ಮಾತ್ರ ಸರಿಸಮ. ಅದಕ್ಕೇ ‘ಇಡೀ ಬಿಲ್ಲಿನ ಮೇಲೆ 10’ ಎಂಬ ಬೋರ್ಡು ಅಪಾಯಕಾರಿ. ಹೊರಗಿನಿಂದ ತಂದು ಮಾರುವ ಬಾಟಲಿ, ಚಾಕಲೇಟು, ಕೇಕುಗಳು ರಿಯಾಯಿತಿಯ ಹೊರಗಿರಬೇಕು.

ಪಾಯಿಂಟು ಪದ್ಧತಿ ಬೇರೆಯದೆಂದು ಕಂಡರೂ ಒಳಗೆ ಇದೇ. ‘100 ರೂಪಾಯಿಗೆ 5 ಪಾಯಿಂಟು, ಪಾಯಿಂಟಿಗೆ ಒಂದು ರೂಪಾಯಿ’ ಎಂದರೆ ಶೇಕಡಾ 5ರ ರಿಯಾಯಿತಿ. ‘10 ರೂಪಾಯಿಗೆ 1 ಪಾಯಿಂಟು’ ಎಂದು ಬರೆದಾಗ ಅದು ಸಣ್ಣದಾಗಿ ಕಾಣುತ್ತದೆ, ಆದರೆ ಪಾಯಿಂಟಿನ ಬೆಲೆ ಒಂದು ರೂಪಾಯಿಯಾದರೆ ಅದು ಪೂರ್ತಿ 10. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು ಹಾಕಿಕೊಟ್ಟ ಪ್ರಮಾಣವನ್ನು ಹಾಗೇ ಬಿಡುವ ಮೊದಲು, ಒಂದು ಪಾಯಿಂಟು ಗಳಿಸಲು ಎಷ್ಟು ಖರ್ಚು ಮಾಡಬೇಕು ಮತ್ತು ಅದನ್ನು ಬಳಸುವಾಗ ಎಷ್ಟು ಸಿಗುತ್ತದೆ ಎಂಬ ಎರಡನ್ನೂ ಬರೆದು ಭಾಗಿಸಿ ನೋಡಬೇಕು.

ಹಾಗಾದರೆ ಕಾರ್ಡಿಗೂ ನೇರ ರಿಯಾಯಿತಿಗೂ ವ್ಯತ್ಯಾಸವೇ ಇಲ್ಲವೇ? ಇದೆ, ಮುಖ್ಯವಾಗಿ ಎರಡು ಕಡೆ. ನೇರ ರಿಯಾಯಿತಿ ಬಾಗಿಲಿಗೆ ಬಂದವರಿಗೆಲ್ಲ ಹೋಗುತ್ತದೆ. ಶನಿವಾರ ಸಹಸ್ರಲಿಂಗ, ಯಾಣ ನೋಡಿಕೊಂಡು ಹೋಗುವಾಗ ಒಮ್ಮೆ ನಿಂತವರಿಗೂ ಹೋಗುತ್ತದೆ. ಅವರು ರಿಯಾಯಿತಿ ಕೇಳಿ ಬಂದವರಲ್ಲ, ಕೊಟ್ಟರೂ ಮತ್ತೆ ಬರುವವರಲ್ಲ. ಕಾರವಾರದ ಕಡಲತೀರದ ಪಕ್ಕದಲ್ಲಿ ಹೆದ್ದಾರಿಯ ವಾಹನಗಳನ್ನೇ ನಂಬಿದ ಕೆಫೆಗೆ ಯಾವ ಕಾರ್ಡೂ ಕೆಲಸಕ್ಕೆ ಬಾರದಿರುವುದಕ್ಕೂ ಕಾರಣ ಇದೇ. ಅಲ್ಲಿ ಮತ್ತೆ ಬರುವ ಜನ ಬೇರೆ, ಕಚೇರಿಗಳವರು, ನೌಕಾನೆಲೆಯವರು, ಕೈಗಾದ ಕಡೆಯವರು. ಕಾರ್ಡು ಅವರಿಗೆ ಮಾತ್ರ.

ಇನ್ನೊಂದು ವ್ಯತ್ಯಾಸ ಮನಸ್ಸಿನದು. ರನ್ ಕಿವೆಟ್ಜ್ ಮತ್ತು ಸಂಗಡಿಗರು ವಿಶ್ವವಿದ್ಯಾಲಯವೊಂದರ ಕೆಫೆಯಲ್ಲಿ ಇಂಥದೇ ಹತ್ತು ಕಾಫಿಯ ಕಾರ್ಡನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಬಹುಮಾನ ಹತ್ತಿರವಾದಂತೆ ಜನ ಬೇಗ ಬೇಗ ಬರುತ್ತಾರೆ, ಪುಕ್ಕಟೆ ಕಾಫಿ ಸಿಕ್ಕ ಮೇಲೆ ಹೊಸ ಕಾರ್ಡಿನಲ್ಲಿ ಮತ್ತೆ ನಿಧಾನವಾಗುತ್ತಾರೆ ಎಂಬುದು ಅವರು ಕಂಡದ್ದು. ಅದೇ ವರ್ಷ ನೂನ್ಸ್ ಮತ್ತು ಡ್ರೇಜ್ ಎಂಬವರು ಕಾರು ತೊಳೆಯುವ ಅಂಗಡಿಯೊಂದರಲ್ಲಿ ಮಾಡಿದ ಪ್ರಯೋಗ ಪ್ರಕಟವಾಯಿತು. ಅರ್ಧ ಜನಕ್ಕೆ ಎಂಟು ಮನೆಯ ಖಾಲಿ ಕಾರ್ಡು, ಇನ್ನರ್ಧಕ್ಕೆ ಹತ್ತು ಮನೆಯ ಕಾರ್ಡು, ಅದರಲ್ಲಿ ಎರಡಕ್ಕೆ ಮೊದಲೇ ಮುದ್ರೆ. ಇಬ್ಬರೂ ತೊಳೆಸಬೇಕಾದದ್ದು ಎಂಟೇ ಸಲ. ಖಾಲಿ ಕಾರ್ಡು ಪಡೆದವರಲ್ಲಿ ಶೇಕಡಾ 19, ಎರಡು ಮುದ್ರೆ ಮೊದಲೇ ಬಿದ್ದವರಲ್ಲಿ ಶೇಕಡಾ 34 ಜನ ಕಾರ್ಡು ಮುಗಿಸಿದರು. ಕೆಫೆಗೂ ಇದನ್ನು ತರಬಹುದು. ಹತ್ತರ ಬದಲು ಹನ್ನೆರಡು ಮನೆ ಮುದ್ರಿಸಿ, ಕೊಡುವಾಗಲೇ ಎರಡನ್ನು ತೂತು ಮಾಡಿ ಕೊಡುವುದಕ್ಕೆ ಹೆಚ್ಚಿನ ಖರ್ಚೇನಿಲ್ಲ. ಆದರೆ ಅಳೆಯುವವರು ನೆನಪಿಡಬೇಕಾದದ್ದು ಆ ಕೊನೆಯ ಓಟ ಮತ್ತು ಅದರ ನಂತರದ ನಿಧಾನ. ಮೊದಲ ಮೂರು ವಾರದ ಅಂಕಿ ನೋಡಿ ‘ಕಾರ್ಡು ಫಲಿಸಿತು’ ಎಂದರೆ ಓಟವನ್ನಷ್ಟೇ ಎಣಿಸಿದಂತೆ. ಒಬ್ಬೊಬ್ಬರೂ ಒಂದೂವರೆ-ಎರಡು ಕಾರ್ಡು ದಾಟುವವರೆಗೆ, ಅಂದರೆ ಕನಿಷ್ಠ ಎಂಟು ವಾರ, ಎಣಿಸಬೇಕು.

ಎಣಿಸುವ ಕೆಲಸದಲ್ಲೇ ಹೆಚ್ಚಿನವರು ಜಾರುವುದು, ಅದೂ ಎರಡು ಬಗೆಯಲ್ಲಿ. ಒಂದು, ‘ಕಾರ್ಡಿದ್ದವರು ತಿಂಗಳಿಗೆ ಹತ್ತು ಸಲ ಬರುತ್ತಾರೆ, ಇಲ್ಲದವರು ಎರಡು ಸಲ’ ಎಂಬ ಹೋಲಿಕೆ. ಹೆಚ್ಚು ಬರುವವರೇ ಕಾರ್ಡು ತೆಗೆದುಕೊಳ್ಳುತ್ತಾರೆ. ಅವರು ಕಾರ್ಡಿಲ್ಲದಾಗಲೂ ಬರುತ್ತಿದ್ದರು. ಇನ್ನೊಂದು, ‘ಕಾರ್ಡು ತಂದ ಮೇಲೆ ವ್ಯಾಪಾರ ಏರಿತು’ ಎಂಬುದು. ನಮ್ಮ ಕಡೆ ವ್ಯಾಪಾರ ಏರಿಳಿಯಲು ಕಾರಣಗಳಿಗೆ ಬರವೇ? ಜೂನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಸಂಜೆಯ ಗಿರಾಕಿ ಮನೆಯಿಂದ ಹೊರಡುವುದಿಲ್ಲ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಹಳ್ಳಿಯವರು ಪೇಟೆಗೆ ಬರುವುದು ಬದಲಾಗುತ್ತದೆ. ಕಾಲೇಜು ತೆರೆಯುತ್ತದೆ, ಪರೀಕ್ಷೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವ ದಿನಗಳ ಲೆಕ್ಕ ಯಾವ ಹೋಲಿಕೆಗೂ ಸಿಗುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಕಾರ್ಡು ಶುರು ಮಾಡಿದವರಿಗೆ ನವೆಂಬರಿನಲ್ಲಿ ಏರಿಕೆ ಕಂಡೇ ಕಾಣುತ್ತದೆ. ಅದರಲ್ಲಿ ಎಷ್ಟು ಕಾರ್ಡಿನದು, ಎಷ್ಟು ಬಿಸಿಲಿನದು ಎಂದು ಬಿಡಿಸುವುದೇ ನಮ್ಮ ಕೆಲಸ.

ಬಿಡಿಸಲು ಇರುವ ಸರಳ ದಾರಿ ಎರಡು ಸರದಿ. ಕಾರ್ಡು ಕೊಡುವ ಮೊದಲು ನಾಲ್ಕು ವಾರ ಕಾಯಂ ಗಿರಾಕಿಗಳ ಪುಸ್ತಕ ಇಡಿ. ಹೆಸರು, ಅವರು ಒಪ್ಪಿದರೆ ಫೋನ್ ನಂಬರು, ದಿನಕ್ಕೆ ಕುಡಿದ ಕಪ್ಪುಗಳಿಗೆ ಗೀಟು. ಬಿಲ್ಲು ಅಥವಾ ಯುಪಿಐ ಪಾವತಿಗಳನ್ನು ಎಣಿಸುವುದು ಸುಲಭ ಎನಿಸುತ್ತದೆ, ಆದರೆ ನಾಲ್ವರು ಕುಡಿದದ್ದಕ್ಕೆ ಒಬ್ಬರು ದುಡ್ಡು ಹಾಕುವ ಊರಿನಲ್ಲಿ ಪಾವತಿ ಎಣಿಸಿದರೆ ತಪ್ಪೇ ಬರುತ್ತದೆ. ಎಣಿಸಬೇಕಾದದ್ದು ಕಪ್ಪು. ನಾಲ್ಕು ವಾರ ಆದ ಮೇಲೆ ಚೀಟಿ ಎತ್ತಿ ಎರಡು ಪಾಲು ಮಾಡಿ. ಮೊದಲ ಪಾಲಿಗೆ ಈಗ ಕಾರ್ಡು, ಎರಡನೆಯದಕ್ಕೆ ಎಂಟು ವಾರದ ನಂತರ. ಎರಡೂ ಪಾಲಿನ ಕಪ್ಪು ಎಣಿಸುವುದು ಮುಂದುವರಿಯುತ್ತದೆ. ಮೊದಲು ಬರುವವರಿಗೆ ಮೊದಲು ಎಂದು ಹಂಚಿದರೆ ಉತ್ಸಾಹಿಗಳೆಲ್ಲ ಒಂದೇ ಕಡೆ ಸೇರಿ ಲೆಕ್ಕ ಕೆಡುತ್ತದೆ. ಅದಕ್ಕೇ ಚೀಟಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದೇ ಮೇಜಿಗೆ ದಿನಾ ಕೂರುವ ನಾಲ್ವರಲ್ಲಿ ಇಬ್ಬರಿಗೆ ಕಾರ್ಡು ಕೊಟ್ಟು ಇಬ್ಬರಿಗೆ ಬಿಟ್ಟರೆ ಬೇಸರವೂ ಆಗುತ್ತದೆ, ಲೆಕ್ಕವೂ ಹಾಳಾಗುತ್ತದೆ, ಏಕೆಂದರೆ ನಾಲ್ವರ ಕಾಫಿಯ ತೂತೂ ಕಾರ್ಡಿದ್ದವರಿಗೇ ಬೀಳುತ್ತದೆ. ಆದ್ದರಿಂದ ಚೀಟಿಯಲ್ಲಿ ಬರೆಯಬೇಕಾದದ್ದು ಒಬ್ಬರ ಹೆಸರಲ್ಲ, ಗುಂಪಿನ ಹೆಸರು: ಆ ಬ್ಯಾಂಕಿನವರು, ಅರಣ್ಯ ಕಾಲೇಜಿನ ಆ ಐವರು, ಬೆಳಗಿನ ವಾಕಿಂಗಿನವರು. ಒಂಟಿಯಾಗಿ ಬರುವವರ ಹೆಸರು ಒಂಟಿಯಾಗಿಯೇ ಇರಲಿ. ಕೇಳಿದವರಿಗೆ ಇದ್ದದ್ದನ್ನೇ ಹೇಳಿದರಾಯಿತು: ‘ಕಾರ್ಡು ಎರಡು ಸರದಿಯಲ್ಲಿ ಕೊಡ್ತಾ ಇದ್ದೇವೆ, ಚೀಟಿಯಲ್ಲಿ ನಿಮ್ಮದು ಎರಡನೇ ಸರದಿ ಬಂತು, ದೀಪಾವಳಿ ಆದ ಮೇಲೆ ಕೊಡ್ತೇವೆ.’ ಜನ ಒಪ್ಪುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದಾಗಲೇ ಮುನಿಸು ಬರುವುದು.

ಅಂಕಿ ಹಾಕಿ ನೋಡೋಣ. ಪಾಲಿಗೆ 60 ಜನ, ಒಟ್ಟು 120. ಕಾರ್ಡಿಗೆ ಮೊದಲಿನ ನಾಲ್ಕು ವಾರ ಮೊದಲ ಪಾಲಿನವರು ತಲಾ 9 ಕಪ್ಪು ಕುಡಿದಿದ್ದರು, ಎರಡನೇ ಪಾಲಿನವರು 8.8. ಕಾರ್ಡು ಬಂದ ಮೇಲಿನ ಎಂಟು ವಾರಗಳನ್ನು ನಾಲ್ಕು ವಾರಕ್ಕೆ ಸರಾಸರಿ ಮಾಡಿದರೆ ಮೊದಲ ಪಾಲು 10.7ಕ್ಕೆ ಏರಿತು. ಪುಕ್ಕಟೆ ಕಪ್ಪೂ ಇದರೊಳಗೇ ಇದೆ. ಇಷ್ಟನ್ನೇ ನೋಡಿದರೆ ಏರಿಕೆ ಶೇಕಡಾ 19, ಸರಿಸಮದ 20ರ ಹತ್ತಿರಕ್ಕೇ ಬಂತು ಎನಿಸುತ್ತದೆ. ಆದರೆ ಕಾರ್ಡೇ ಇಲ್ಲದ ಎರಡನೇ ಪಾಲೂ 9.7ಕ್ಕೆ ಏರಿದೆ, 0.9 ಕಪ್ಪು ಹೆಚ್ಚು. ಮಳೆ ನಿಂತದ್ದಕ್ಕೋ ಕಾಲೇಜು ತೆರೆದದ್ದಕ್ಕೋ ಅಷ್ಟು ಏರಿಕೆ ಎಲ್ಲರಲ್ಲೂ ಆಗಿದೆ. ಹಾಗಾಗಿ ಕಾರ್ಡಿಲ್ಲದಿದ್ದರೂ ಮೊದಲ ಪಾಲು 9.9 ಆಗುತ್ತಿತ್ತು. ಕಾರ್ಡು ತಂದದ್ದು ಉಳಿದ 0.8 ಕಪ್ಪು, ಶೇಕಡಾ ಎಂಟರಷ್ಟು.

ದುಡ್ಡಿನಲ್ಲಿ ಹೇಳುವುದಾದರೆ, ಕಾರ್ಡಿಲ್ಲದೆ ತಲಾ 9.9 ಕಪ್ಪಿನಿಂದ 238 ರೂಪಾಯಿ ಉಳಿಯುತ್ತಿತ್ತು. ಕಾರ್ಡಿನೊಂದಿಗೆ 10.7 ಕಪ್ಪು, ಕಪ್ಪಿಗೆ 20ರಂತೆ 214. ತಲಾ 24 ರೂಪಾಯಿ ನಷ್ಟ, 60 ಜನಕ್ಕೆ ನಾಲ್ಕು ವಾರಕ್ಕೆ ಸುಮಾರು 1,400. ಎಲ್ಲರೂ ಕಾರ್ಡು ಪೂರ್ತಿ ಮಾಡುವುದಿಲ್ಲ, ಕೆಲವರು ಕಳೆದುಕೊಳ್ಳುತ್ತಾರೆ. ಸಿಗಬೇಕಾದ ಪುಕ್ಕಟೆ ಕಾಫಿಗಳಲ್ಲಿ ಶೇಕಡಾ 70 ಮಾತ್ರ ಕೇಳಿ ಪಡೆದರು ಎಂದರೂ ಕಪ್ಪಿಗೆ 21.20ರಂತೆ 227 ಉಳಿಯುತ್ತದೆ, ನಷ್ಟ ತಲಾ 11ಕ್ಕೆ ಇಳಿಯುತ್ತದೆ, ಲಾಭವಾಗುವುದಿಲ್ಲ. ಕಾರ್ಡು ಕಳೆದುಹೋಗಲಿ ಎಂಬ ಆಸೆಯ ಮೇಲೆ ಲೆಕ್ಕ ನಿಲ್ಲಿಸುವುದು ಸಣ್ಣ ಊರಿನಲ್ಲಿ ಒಳ್ಳೆಯದೂ ಅಲ್ಲ. ಒಂಬತ್ತು ತೂತಿನ ಕಾರ್ಡು ಕಳೆದುಕೊಂಡವರು ಅದನ್ನು ತಮ್ಮ ತಪ್ಪೆಂದು ತಿಳಿಯುವುದಿಲ್ಲ.

ಈ 0.8 ಕಪ್ಪನ್ನೂ ಪೂರ್ತಿ ನಂಬುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಪ್ರತಿ ಪಾಲಿನಲ್ಲಿ ಅತಿ ಹೆಚ್ಚು ಏರಿದ ಇಬ್ಬರು, ಅತಿ ಹೆಚ್ಚು ಇಳಿದ ಇಬ್ಬರನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ. ಪಕ್ಕದ ಕಚೇರಿಗೆ ವರ್ಗವಾಗಿ ಬಂದು ದಿನಾ ಮೂರು ಕಾಫಿ ಕುಡಿಯತೊಡಗಿದ ಒಬ್ಬರೇ 60 ಜನರ ಸರಾಸರಿಯನ್ನು ಅರ್ಧ ಕಪ್ಪಿಗಿಂತ ಹೆಚ್ಚು ಏರಿಸಬಲ್ಲರು. ಅವರನ್ನು ಬಿಟ್ಟಾಗ ವ್ಯತ್ಯಾಸವೇ ಮಾಯವಾದರೆ ಕಾರ್ಡಿನ ಪರಿಣಾಮ ಇನ್ನೂ ಗೊತ್ತಾಗಿಲ್ಲ ಎಂದೇ ತಿಳಿಯಬೇಕು. ಪಾಲಿಗೆ ಹದಿನೈದಿಪ್ಪತ್ತು ಜನರಿದ್ದಾಗ ಇದು ಸಾಮಾನ್ಯ. ಅಷ್ಟು ಚಿಕ್ಕ ಕೆಫೆಗೆ ಈ ಅಳತೆಯಿಂದ ಉತ್ತರ ಸಿಗುವುದಿಲ್ಲ. ಅವರು ಸರಿಸಮದ ಲೆಕ್ಕವನ್ನೇ ಹಿಡಿದು ನಡೆಯಬೇಕು.

ನಷ್ಟ ಬಂತೆಂದ ಮಾತ್ರಕ್ಕೆ ಕಾರ್ಡು ಬಿಡಬೇಕಾಗಿಲ್ಲ. ಬದಲಿಸಬೇಕಾದದ್ದು ಬಹುಮಾನ. ಕಾಫಿಯವರಿಗೆ ಕಾಫಿಯನ್ನೇ ಕೊಟ್ಟರೆ ಅದು ಅವರೇ ಕೊಳ್ಳುತ್ತಿದ್ದ ಕಪ್ಪಿನ ಜಾಗವನ್ನು ಹಿಡಿಯುತ್ತದೆ. ಕಾಫಿಯ ಬದಲು ಕಷಾಯ ಕೊಟ್ಟರೂ ಅಷ್ಟೇ. ಕಷಾಯ ಕುಡಿದವರು ಆಮೇಲೆ ಕಾಫಿ ಕುಡಿಯುವುದಿಲ್ಲ, ಹೀಗಾಗಿ ಕಷಾಯದ ಖರ್ಚಿನ ಜೊತೆ ಕಾಫಿಯ 24 ರೂಪಾಯಿಯೂ ಹೋಗುತ್ತದೆ. ಕಾಫಿಯ ಜೊತೆಗೆ ತಿನ್ನುವಂಥದ್ದು ಹಾಗಲ್ಲ. ಹತ್ತನೇ ಕಾಫಿಗೂ ದುಡ್ಡು ತೆಗೆದುಕೊಂಡು, ಅದರೊಂದಿಗೆ ಅಡುಗೆಮನೆಯಲ್ಲೇ ಮಾಡಿದ ಒಂದು ಬನ್ಸ್ ಕೊಡಿ. ಬೆಲೆ 25, ಮೈದಾ, ಬಾಳೆಹಣ್ಣು, ಮೊಸರು, ಎಣ್ಣೆ ಸೇರಿ ಖರ್ಚು 9 ಎಂದಿಟ್ಟುಕೊಳ್ಳಿ. ಪಡೆಯುವವರಿಗೆ ಅದು 25ರ ವಸ್ತು. ನಾಲ್ವರಲ್ಲಿ ಒಬ್ಬರು ಹೇಗೂ ಬನ್ಸ್ ಕೊಳ್ಳುವವರೇ ಆಗಿದ್ದರೆ ಅವರ ಮಟ್ಟಿಗೆ 25 ಹೋಯಿತು, ಉಳಿದ ಮೂವರ ಮಟ್ಟಿಗೆ 9. ಸರಾಸರಿ ಒಂದು ಕಾರ್ಡಿಗೆ 13 ರೂಪಾಯಿ. ಹತ್ತು ಕಾಫಿಗೆ ಹಂಚಿದರೆ ಕಪ್ಪಿಗೆ 1.30. ಪುಕ್ಕಟೆ ಕಾಫಿಯಲ್ಲಿ ಇದು 4 ರೂಪಾಯಿ ಇತ್ತು. ಸರಿಸಮವಾಗಲು ಬೇಕಾದ ಏರಿಕೆ ಶೇಕಡಾ 20ರಿಂದ ಆರಕ್ಕಿಂತ ಕೆಳಗೆ ಬರುತ್ತದೆ. ಏರಿಕೆ ಅದೇ ಎಂಟು ಉಳಿದರೆ 60 ಜನರಿಂದ ನಾಲ್ಕು ವಾರಕ್ಕೆ 300 ರೂಪಾಯಿಯಷ್ಟು ಲಾಭ. ದೊಡ್ಡ ಮೊತ್ತವಲ್ಲ, ಆದರೆ 1,400 ನಷ್ಟಕ್ಕೂ ಇದಕ್ಕೂ ಇರುವ ಅಂತರ ಬಂದದ್ದು ಬಹುಮಾನವನ್ನು ಬದಲಿಸಿದ್ದರಿಂದ ಮಾತ್ರ. ಬನ್ಸಿನ ಆಸೆ ಪುಕ್ಕಟೆ ಕಾಫಿಯಷ್ಟೇ ಜನರನ್ನು ಎಳೆಯುತ್ತದೆಯೇ ಎಂಬುದನ್ನು ಮಾತ್ರ ಎರಡನೇ ಸರದಿಯವರಿಗೆ ಬನ್ಸಿನ ಕಾರ್ಡು ಕೊಟ್ಟೇ ನೋಡಬೇಕು.

ಕೌಂಟರಿನಲ್ಲಿ ಆಗುವ ಸೋರಿಕೆಯನ್ನೂ ಹೇಳಬೇಕು. ಶಾಯಿಯ ಮುದ್ರೆ ಇಲ್ಲಿನ ಮಳೆಗೆ ನಿಲ್ಲುವುದಿಲ್ಲ, ಅಂಗಿಯ ಜೇಬಿನಲ್ಲಿ ಒದ್ದೆಯಾಗಿ ಮೂರು ಮುದ್ರೆ ಒಂದು ನೀಲಿ ಕಲೆಯಾಗುತ್ತದೆ, ಆಮೇಲೆ ಎಷ್ಟಿತ್ತು ಎಂಬ ವಾದ. ಅದೂ ಅಲ್ಲದೆ ಅಂಥ ಮುದ್ರೆಯನ್ನು ಯಾರೂ ಮಾಡಿಸಬಹುದು. ಸಾಧಾರಣ ದುಂಡು ತೂತಲ್ಲದೆ ಎಲೆ ಅಥವಾ ಹೂವಿನ ಆಕಾರದ ತೂತು ಹಾಕುವ ಪಂಚ್ ಒಂದನ್ನು ತಂದರೆ ಎರಡೂ ತೊಂದರೆ ಕಡಿಮೆ. ಇನ್ನೂ ಒಳ್ಳೆಯದೆಂದರೆ ಕಾರ್ಡುಗಳನ್ನು ಗಿರಾಕಿಗೆ ಕೊಡದೆ, ಹೆಸರಿನ ಮೊದಲ ಅಕ್ಷರದ ಪ್ರಕಾರ ಕೌಂಟರಿನ ಡಬ್ಬದಲ್ಲೇ ಜೋಡಿಸಿಡುವುದು. ಕಳೆಯುವುದಿಲ್ಲ, ನೆನೆಯುವುದಿಲ್ಲ, ಎಣಿಕೆಯೂ ಅಲ್ಲೇ ಸಿಗುತ್ತದೆ. ಬಹುಮಾನ ಕೊಟ್ಟ ಕಾರ್ಡಿನ ಮೂಲೆ ಕತ್ತರಿಸಿ ಬೇರೆ ಡಬ್ಬಕ್ಕೆ ಹಾಕಬೇಕು, ಬಿಲ್ಲಿನಲ್ಲೂ ಅದು ಪೂರ್ತಿ ಬೆಲೆ ಹಾಕಿ ಅಷ್ಟೇ ರಿಯಾಯಿತಿ ಕಳೆದು ಸೊನ್ನೆಯಾಗಿ ಕಾಣಬೇಕು. ಜಿಎಸ್‌ಟಿ ನೋಂದಣಿ ಇರುವವರಿಗೆ ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿ ತೆರಿಗೆಯ ಮೌಲ್ಯದಿಂದ ಹೊರಗುಳಿಯುತ್ತದೆ, ಅದಕ್ಕೂ ಇದು ಬೇಕು. ಶನಿವಾರ ರಾತ್ರಿ ಕತ್ತರಿಸಿದ ಕಾರ್ಡು ಮತ್ತು ಸೊನ್ನೆ ಬಿಲ್ಲು ಎರಡನ್ನೂ ಎಣಿಸಿ. ಎರಡೂ ಒಂದೇ ಇರಬೇಕು. ತಿಂಗಳಿಗೊಮ್ಮೆ ಬಿದ್ದ ತೂತುಗಳನ್ನು ಆ ಗಿರಾಕಿಗಳು ದುಡ್ಡು ಕೊಟ್ಟು ಕುಡಿದ ಕಾಫಿಗಳ ಪಕ್ಕ ಇಟ್ಟು ನೋಡಿ. ತೂತು ಹೆಚ್ಚಿದ್ದರೆ ಪಂಚು ಹಿಡಿದವರು ಗೆಳೆಯರಿಗೆ ಸುಮ್ಮನೆ ಹೊಡೆದುಕೊಡುತ್ತಿದ್ದಾರೆ ಎಂದರ್ಥ.

ನಿಲ್ಲಿಸಲೇಬೇಕಾದಾಗ ಒಮ್ಮೆಲೇ ನಿಲ್ಲಿಸಬೇಡಿ. ಡಬ್ಬದಲ್ಲಿರುವ ಕಾರ್ಡುಗಳ ತೂತೆಲ್ಲ ಅಂಗಡಿ ತೀರಿಸಬೇಕಾದ ಸಾಲ. 60 ಕಾರ್ಡಿನಲ್ಲಿ ಸರಾಸರಿ ನಾಲ್ಕು ತೂತಿದ್ದರೆ 240. ತೂತಿಗೆ 1.30ರಂತೆ ಬನ್ಸಿನ ಕಾರ್ಡಿಗೆ ಇದು 312 ರೂಪಾಯಿ, ಪುಕ್ಕಟೆ ಕಾಫಿಯ ಕಾರ್ಡಾದರೆ ಹೆಚ್ಚೂಕಡಿಮೆ ಸಾವಿರ. ಹೊಸ ಕಾರ್ಡು ಕೊಡುವುದನ್ನು ಇವತ್ತೇ ನಿಲ್ಲಿಸಿ, ಹಳೆಯದನ್ನು ಮುಗಿಸಲು ಎರಡು ತಿಂಗಳ ತಾರೀಕು ಬರೆದು ಕೌಂಟರಿನ ಮೇಲೆ ಅಂಟಿಸಿ, ಆರು ತೂತು ದಾಟಿದವರಿಗೆ ಬಾಯಲ್ಲೇ ಹೇಳಿ. ಕೊನೆಯ ದಿನ ಎಂಟು-ಒಂಬತ್ತರಲ್ಲಿ ನಿಂತವರು ಸಿಕ್ಕರೆ ಅವರಿಗೂ ಬನ್ಸ್ ಕೊಟ್ಟು ಕಾರ್ಡಿನ ಮೂಲೆ ಕತ್ತರಿಸಿ.